ಜನರೇಟರ್ ಕೋಣೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಇದ್ದರೂ ಎಂಜಿನ್ ಕಾದು ನಿಲ್ಲುವುದೇಕೆ?

ಪ್ರಶ್ನೆ: ನಮ್ಮ 250 ಕೆವಿಎ ಡೀಸೆಲ್ ಜನರೇಟರ್ ವಾರದ ಪರೀಕ್ಷೆಯಲ್ಲಿ ಚೆನ್ನಾಗಿ ಓಡುತ್ತದೆ. ಕರೆಂಟ್ ಹೋಗಿ ನಿಜವಾದ ಲೋಡ್ ಬಿದ್ದರೆ ಅರ್ಧ ಗಂಟೆಯಲ್ಲಿ ಕೂಲಂಟ್ ಕಾದು ನಿಂತುಬಿಡುತ್ತದೆ. ರೇಡಿಯೇಟರ್ ಸ್ವಚ್ಛವಾಗಿದೆ, ಕೋಣೆಗೆ ಎಕ್ಸಾಸ್ಟ್ ಫ್ಯಾನ್ ಕೂಡ ಹಾಕಿಸಿದ್ದೇವೆ. ದೋಷ ಎಲ್ಲಿದೆ?

ಉತ್ತರ: ಹೆಚ್ಚಾಗಿ ದೋಷ ಎಂಜಿನ್ನಿನಲ್ಲಿರುವುದಿಲ್ಲ, ಗೋಡೆಯಲ್ಲಿರುತ್ತದೆ. ಕೋಣೆಯೊಳಕ್ಕೆ ಗಾಳಿ ಬರಲು ಸಾಕಷ್ಟು ದಾರಿ ಇಲ್ಲ. ಲೋಡ್ ಇಲ್ಲದ ವಾರದ ಪರೀಕ್ಷೆ ಇದನ್ನು ತೋರಿಸುವುದೇ ಇಲ್ಲ, ಏಕೆಂದರೆ ಆಗ ಎಂಜಿನ್ ಹೊರಹಾಕುವ ಶಾಖ ತೀರಾ ಕಡಿಮೆ.

ಲೆಕ್ಕ ಹಾಕಿ ನೋಡೋಣ. ಈ ಗಾತ್ರದ ಸೆಟ್‌ನ ರೇಡಿಯೇಟರ್ ಫ್ಯಾನ್ ಸೆಕೆಂಡಿಗೆ ಸುಮಾರು 5 ಘನ ಮೀಟರ್ ಗಾಳಿಯನ್ನು ಹೊರಗೆ ತಳ್ಳುತ್ತದೆ. ನಿಮ್ಮ ಸೆಟ್‌ನ ಖಚಿತ ಸಂಖ್ಯೆ ತಯಾರಕರ ಮಾಹಿತಿ ಪತ್ರದಲ್ಲಿರುತ್ತದೆ. ಡೀಸೆಲ್ ಉರಿಯಲು ಎಂಜಿನ್ ಎಳೆದುಕೊಳ್ಳುವ ಗಾಳಿ ಇನ್ನೊಂದು 0.3 ಘನ ಮೀಟರ್. ಇಷ್ಟೂ ಗಾಳಿ ಒಳಬರುವ ಕಿಂಡಿಯ ಮೂಲಕವೇ ಬರಬೇಕು. ಕಿಂಡಿಯಲ್ಲಿ ಗಾಳಿಯ ವೇಗ ಸೆಕೆಂಡಿಗೆ 2.5 ಮೀಟರ್ ಮೀರಬಾರದೆಂದು ಇಟ್ಟುಕೊಂಡರೆ 2.1 ಚದರ ಮೀಟರ್ ತೆರೆದ ಜಾಗ ಬೇಕು. ಲೂವರ್ ಪಟ್ಟಿಗಳು ಅರ್ಧದಷ್ಟು ಜಾಗವನ್ನು ನುಂಗುವುದರಿಂದ, ಗೋಡೆಯಲ್ಲಿ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲಕ್ಕಿಂತ ತುಸು ದೊಡ್ಡ ಕಿಂಡಿಯನ್ನೇ ಕೊರೆಯಬೇಕಾಗುತ್ತದೆ. ಅನೇಕ ಕೋಣೆಗಳಲ್ಲಿ ಇರುವುದು 1.2 ಮೀಟರ್ ಚೌಕದ ಒಂದು ಲೂವರ್ ಕಿಟಕಿ. ಅದರಲ್ಲಿ ಗಾಳಿ ಸೆಕೆಂಡಿಗೆ 7 ಮೀಟರ್‌ಗೂ ಹೆಚ್ಚು ವೇಗದಲ್ಲಿ ನುಗ್ಗಬೇಕು. ಅದಕ್ಕೇ 80 ಪ್ಯಾಸ್ಕಲ್ ಆಸುಪಾಸಿನ ಒತ್ತಡ ವ್ಯಯವಾಗುತ್ತದೆ. ಒಳಬರುವ ಮತ್ತು ಹೊರಹೋಗುವ ದಾರಿಗಳೆರಡನ್ನೂ ಸೇರಿಸಿ ಬಹಳಷ್ಟು ರೇಡಿಯೇಟರ್ ಫ್ಯಾನ್‌ಗಳು ತಾಳಿಕೊಳ್ಳುವುದು ಸುಮಾರು 125 ಪ್ಯಾಸ್ಕಲ್ ಮಾತ್ರ. ಹೊರಹೋಗುವ ಲೂವರ್ ಉಳಿದುದನ್ನು ತಿಂದ ಮೇಲೆ ಗಾಳಿ ಕುಂಠಿತವಾಗುತ್ತದೆ, ಕೂಲಂಟ್ ಕಾಯುತ್ತದೆ.

ಈಗ ಎಕ್ಸಾಸ್ಟ್ ಫ್ಯಾನ್ ವಿಚಾರ. ಅದು ಮೊದಲೇ ಗಾಳಿ ಸಾಲದ ಕೋಣೆಯಿಂದ ಇನ್ನಷ್ಟು ಗಾಳಿ ಎಳೆಯುತ್ತದೆ, ಅಂದರೆ ರೇಡಿಯೇಟರ್ ಫ್ಯಾನ್‌ಗೇ ಪ್ರತಿಸ್ಪರ್ಧಿಯಾಗುತ್ತದೆ. ಸೆಟ್ ಓಡುವಾಗ ಅದನ್ನು ಆರಿಸಿ. ಫ್ಯಾನ್ ಬೇಕೇ ಇದ್ದರೆ ಗಾಳಿಯನ್ನು ಒಳಕ್ಕೆ ತಳ್ಳುವಂತೆ ಆಲ್ಟರ್ನೇಟರ್ ಬದಿಯಲ್ಲಿರಲಿ.

ಖಚಿತಪಡಿಸಿಕೊಳ್ಳುವುದು ಸುಲಭ. ಪೂರ್ಣ ಲೋಡ್‌ನಲ್ಲಿ, ಹೊರಕ್ಕೆ ತೆರೆಯುವ ಬಾಗಿಲನ್ನು ಎಳೆದು ನೋಡಿ. ಎರಡು ಚದರ ಮೀಟರ್ ಬಾಗಿಲಿಗೆ 80 ಪ್ಯಾಸ್ಕಲ್ ಎಂದರೆ ಹಿಡಿಕೆಯಲ್ಲಿ ಸುಮಾರು 8 ಕಿಲೋ ಬಲ. ಒಳಗಿನಿಂದ ಯಾರೋ ಹಿಡಿದಿರುವಂತೆ ಭಾಸವಾಗುತ್ತದೆ. ಬಾಗಿಲು ತೆರೆದಿಟ್ಟಾಗ ಕೂಲಂಟ್‌ನ ಉಷ್ಣತೆ ಇಳಿಯಲಾರಂಭಿಸಿದರೆ ಉತ್ತರ ಸಿಕ್ಕಿತು. ಇಳಿಯದಿದ್ದರೆ ಹೊರಗಿನ ಗಾಳಿಯ ಉಷ್ಣತೆಯನ್ನೂ, ಫ್ಯಾನ್ ಬದಿಯಲ್ಲಿ ರೇಡಿಯೇಟರ್‌ಗೆ ಸೇರುವ ಗಾಳಿಯ ಉಷ್ಣತೆಯನ್ನೂ ಅಳೆಯಿರಿ. ಅಂತರ 10 ಡಿಗ್ರಿಗಿಂತ ಬಹಳ ಹೆಚ್ಚಿದ್ದರೆ ಬಿಸಿಗಾಳಿ ಕೋಣೆಗೆ ಮರಳುತ್ತಿರಬಹುದು. ರೇಡಿಯೇಟರ್ ಮತ್ತು ಗೋಡೆಯ ನಡುವೆ ಕ್ಯಾನ್ವಾಸ್ ಡಕ್ಟ್ ಇಲ್ಲದೆ ಬಿಟ್ಟಿರುವ ಸಂದು ಇದರ ಸಾಮಾನ್ಯ ಮೂಲ.

ಹೊದಿಕೆಯಿಲ್ಲದ ಹೊಗೆಕೊಳವೆಯೂ ಅಷ್ಟೇ ಅಪರಾಧಿ. ಲೋಡ್‌ನಲ್ಲಿ ಹೊಗೆ ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿರುತ್ತದೆ. ಕೋಣೆಯೊಳಗಿನ ಕೊಳವೆಗೂ ಸೈಲೆನ್ಸರ್‌ಗೂ ರಾಕ್‌ವೂಲ್ ಸುತ್ತಿಸಿ. ಟರ್ಬೊ ಮತ್ತು ಅಲುಗುವ ಬೆಲ್ಲೋಸ್ ಭಾಗವನ್ನು ಮಾತ್ರ ತಯಾರಕರನ್ನು ಕೇಳದೆ ಮುಚ್ಚಬೇಡಿ. ಕೊಳವೆಯನ್ನು ದೂರ ಒಯ್ಯಬೇಕಾದರೆ ವ್ಯಾಸ ಹೆಚ್ಚಿಸಿ: ಅದೇ ಹೊಗೆಗೆ 100 ಮಿಲಿಮೀಟರ್ ಬದಲು 125 ಮಿಲಿಮೀಟರ್ ಹಾಕಿದರೆ ಘರ್ಷಣೆಯ ಒತ್ತಡ ಸುಮಾರು ಮೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಒತ್ತಡ ಮಿತಿ ಮೀರಿದ ಎಂಜಿನ್ ಕಪ್ಪು ಹೊಗೆ ಕಾರಿ ಇನ್ನೂ ಬಿಸಿಯಾಗುತ್ತದೆ. ಕೊಳವೆಯ ತುದಿ ಗಾಳಿ ಒಳಬರುವ ಕಿಂಡಿಯಿಂದ ದೂರವಿರಲಿ. ಇದರಲ್ಲಿ ರಾಜಿ ಸಲ್ಲದು, ಏಕೆಂದರೆ ಒಳಬರುವುದು ಕಾರ್ಬನ್ ಮಾನಾಕ್ಸೈಡ್.

ಕೊನೆಯದಾಗಿ ಡೇ ಟ್ಯಾಂಕ್ ನೋಡಿ. ಪೂರ್ಣ ಲೋಡ್‌ನಲ್ಲಿ ಈ ಸೆಟ್ ಗಂಟೆಗೆ ಸುಮಾರು 55 ಲೀಟರ್ ಉರಿಸುತ್ತದೆ, ಎಂಟು ಗಂಟೆಗೆ 440 ಲೀಟರ್. ಆದರೆ ಪಂಪ್ ಎಳೆಯುವ ಡೀಸೆಲ್ ಅದಕ್ಕಿಂತ ಹೆಚ್ಚು. ಉಳಿದದ್ದು ಎಂಜಿನ್ನಿನ ಶಾಖ ಹೊತ್ತು ಟ್ಯಾಂಕ್‌ಗೆ ಮರಳುತ್ತದೆ. ಟ್ಯಾಂಕ್ ಚಿಕ್ಕದಿದ್ದರೆ, ಅಥವಾ ಮಟ್ಟ ತಳಕ್ಕಿಳಿದರೆ, ಅದೇ ಡೀಸೆಲ್ ಮತ್ತೆ ಮತ್ತೆ ಸುತ್ತಿ ಕಾದು ತೆಳುವಾಗುತ್ತದೆ, ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಟ್ಯಾಂಕ್ ಹೊಗೆಕೊಳವೆಯ ಕೆಳಗಾಗಲಿ ರೇಡಿಯೇಟರ್ ಗಾಳಿಯ ದಾರಿಯಲ್ಲಾಗಲಿ ಇರಬಾರದು. ಮರಳುವ ಕೊಳವೆ ಎಳೆಯುವ ಕೊಳವೆಯಿಂದ ದೂರ ಇಳಿಯಬೇಕು. ಟ್ಯಾಂಕ್ ಸುತ್ತ ಅದರ ಪೂರ್ತಿ ಪ್ರಮಾಣಕ್ಕಿಂತ ಶೇ. 10ರಷ್ಟು ಹೆಚ್ಚು ಹಿಡಿಯುವ ಕಟ್ಟೆ ಇರಲಿ, ಉಸಿರುಕೊಳವೆ ಕಟ್ಟಡದ ಹೊರಗೆ ತೆರೆಯಲಿ. ಎಂಜಿನ್ನಿಗೆ ಹೋಗುವ ಕೊಳವೆಯಲ್ಲಿ ಬೆಂಕಿಯ ಬಿಸಿಗೆ ತಾನೇ ಮುಚ್ಚುವ ವಾಲ್ವ್ ಬೇಕು. ಮರಳುವ ಕೊಳವೆಯಲ್ಲಿ ಕೈಯಿಂದ ಮುಚ್ಚುವ ವಾಲ್ವ್ ಹಾಕಿಸಬೇಡಿ. ಯಾರಾದರೂ ಅದನ್ನು ಮುಚ್ಚಿ ಸೆಟ್ ಚಾಲೂ ಮಾಡಿದರೆ ಒತ್ತಡ ಏರಿ ಪಂಪ್‌ನ ಸೀಲ್‌ಗಳು ಹರಿಯಬಹುದು.