ಸಂದರ್ಶನ ಮುಗಿದ ಮೇಲೆ ಬರೆಯುವ ಪತ್ರ: ಯಾರಿಗೆ, ಯಾವುದಕ್ಕೆ?

ಸಹಾಯಕ ಪ್ರಾಧ್ಯಾಪಕರ ಆಯ್ಕೆ ಸಮಿತಿಗಳಲ್ಲಿ ವಿಷಯ ತಜ್ಞನಾಗಿ ಕುಳಿತ ವರ್ಷಗಳಲ್ಲಿ, ಸಂದರ್ಶನದ ದಿನ ರಾತ್ರಿಯೇ ಅಭ್ಯರ್ಥಿಗಳಿಂದ ನನ್ನ ಮೊಬೈಲಿಗೆ ಸಂದೇಶ ಬಂದದ್ದು ಹಲವು ಬಾರಿ ಉಂಟು. ಅವುಗಳಲ್ಲಿ ಒಂದು ಇನ್ನೂ ನೆನಪಿದೆ. "ಸರ್, ಇವತ್ತು ನೀವು ಕೇಳಿದ ಪ್ರಶ್ನೆಗೆ ಗಾಬರಿಯಲ್ಲಿ ತಪ್ಪು ಹೇಳಿಬಿಟ್ಟೆ, ಸರಿಯಾದ ಉತ್ತರ ಹೀಗಿದೆ, ದಯವಿಟ್ಟು ಪರಿಗಣಿಸಬೇಕು" ಎಂದು ಬರೆದಿದ್ದ ಆ ಹುಡುಗನ ಉತ್ತರ ನಿಜಕ್ಕೂ ಸರಿಯಾಗಿತ್ತು, ಅವನ ವಿಷಯಜ್ಞಾನದ ಬಗ್ಗೆ ನನಗೆ ಸಂದೇಹವೂ ಇರಲಿಲ್ಲ. ಆದರೆ ಆ ಸಂದೇಶ ಬರುವ ಮೂರು ಗಂಟೆ ಮೊದಲೇ ನಡಾವಳಿಗೆ ನಾವೆಲ್ಲ ಸಹಿ ಹಾಕಿಯಾಗಿತ್ತು. ಮರುದಿನ ನಾನು ಆ ಸಂದೇಶದ ವಿಷಯವನ್ನು ಕುಲಸಚಿವರಿಗೆ ತಿಳಿಸಲೇಬೇಕಾಯಿತು, ಮತ್ತು ಹಾಗೆ ತಿಳಿಸುವಾಗ ನನಗೆ ಬಹಳ ಬೇಸರವಾಯಿತು.

ಇದು ಏಕೆ ಹೀಗೆ ಎಂಬುದನ್ನು ಅಭ್ಯರ್ಥಿಗಳು ತಿಳಿದಿರಬೇಕು. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ವಿಶ್ವವಿದ್ಯಾಲಯದ ಆಯ್ಕೆ ಸಮಿತಿಗೆ ಕುಲಪತಿಗಳು ಅಥವಾ ಅವರು ನಾಮನಿರ್ದೇಶನ ಮಾಡಿದವರು ಅಧ್ಯಕ್ಷರು. ಅವರೊಡನೆ ಮೂವರು ವಿಷಯ ತಜ್ಞರು, ನಿಕಾಯದ ಡೀನ್, ವಿಭಾಗದ ಮುಖ್ಯಸ್ಥರು ಮುಂತಾದವರು ಇರುತ್ತಾರೆ. ಸಭೆಯ ಕೊನೆಯ ದಿನವೇ ಅಂಕಪಟ್ಟಿಯೊಂದಿಗೆ ನಡಾವಳಿ ದಾಖಲಾಗಿ, ಅರ್ಹತೆಯ ಕ್ರಮದಲ್ಲಿ ಶಿಫಾರಸು ಸಿದ್ಧವಾಗಿ, ಎಲ್ಲ ಸದಸ್ಯರ ಸಹಿ ಬೀಳಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ. ಸಾಮಾನ್ಯವಾಗಿ ಆ ಶಿಫಾರಸು ಮುಚ್ಚಿದ ಲಕೋಟೆಯಲ್ಲಿ ಸೇರಿ ಸಿಂಡಿಕೇಟ್ ಅಥವಾ ಕಾರ್ಯಕಾರಿ ಮಂಡಳಿಯ ಮುಂದೆ ಹೋಗುತ್ತದೆ. ಅಂದರೆ ಅಭ್ಯರ್ಥಿ ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಕುಳಿತು ಸಂದೇಶ ಬರೆಯುವ ಹೊತ್ತಿಗೆ ಸಮಿತಿಯ ಕೆಲಸ ಮುಗಿದಿರುತ್ತದೆ. ಅಂಕ ತಿದ್ದುವ ಅಧಿಕಾರ ಯಾವ ಸದಸ್ಯನಿಗೂ ಉಳಿದಿರುವುದಿಲ್ಲ. ಲಾಭವಂತೂ ಇಲ್ಲ, ಹಾನಿ ಮಾತ್ರ ಇದೆ. ಯಾವುದೇ ರೀತಿಯಲ್ಲಿ ಪ್ರಭಾವ ಬೀರಲು ಯತ್ನಿಸಿದರೆ ಅನರ್ಹಗೊಳಿಸಲಾಗುವುದು ಎಂಬ ಸಾಲು ಇಂಥ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಮತ್ತು ಆ ಸಾಲಿನ ಮುಂದೆ ವಿನಯದ ಧನ್ಯವಾದವನ್ನೂ ಶಿಫಾರಸಿನ ಫೋನನ್ನೂ ಬೇರೆ ಬೇರೆ ಎಂದು ತೋರಿಸುವುದು ಸುಲಭವಲ್ಲ.

ಈ ಅಭ್ಯಾಸ ಎಲ್ಲಿಂದ ಬಂತು ಎಂಬುದೂ ನನಗೆ ಗೊತ್ತು. ಅಮೆರಿಕದ ಪ್ರಯೋಗಾಲಯದಲ್ಲಿ ಪೋಸ್ಟ್‌ಡಾಕ್ ಸಂದರ್ಶನ ಕೊಟ್ಟವರಿಗೆ, ಒಂದೆರಡು ದಿನದೊಳಗೆ ಧನ್ಯವಾದದ ಇಮೇಲ್ ಕಳಿಸಿ ಎಂದು ಎಲ್ಲರೂ ಹೇಳುತ್ತಾರೆ, ಮತ್ತು ಆ ಸಲಹೆ ಅಲ್ಲಿಗೆ ಸರಿಯಾಗಿಯೇ ಇದೆ. ಅಲ್ಲಿ ಪೋಸ್ಟ್‌ಡಾಕ್ ನೇಮಕವನ್ನು ಬಹುಮಟ್ಟಿಗೆ ಪ್ರಯೋಗಾಲಯದ ಮುಖ್ಯಸ್ಥರೊಬ್ಬರೇ ತಮ್ಮ ಅನುದಾನದಿಂದ ಮಾಡುತ್ತಾರೆ. ಸಂದರ್ಶನ ಮುಗಿದ ಮೇಲೂ ಅವರು ಯೋಚಿಸುತ್ತಲೇ ಇರುತ್ತಾರೆ. ಹಾಗಾಗಿ ಅರ್ಧಕ್ಕೆ ನಿಂತ ಚರ್ಚೆಯನ್ನು ನಾಲ್ಕು ಸಾಲಿನಲ್ಲಿ ಮುಂದುವರಿಸುವ ಇಮೇಲ್ ಅವರ ತೀರ್ಮಾನಕ್ಕೆ ನಿಜವಾಗಿ ನೆರವಾಗಬಲ್ಲದು. ನಿಯಮಾವಳಿಯಡಿ ರಚನೆಯಾದ ನಮ್ಮ ಆಯ್ಕೆ ಸಮಿತಿಗೆ ಆ ಸಲಹೆಯನ್ನು ತಂದು ಅಂಟಿಸಿದಾಗಲೇ ತೊಂದರೆ ಆಗುವುದು.

ಹಾಗೆಂದು ನಮ್ಮಲ್ಲಿ ಸಂದರ್ಶನದ ನಂತರ ಪತ್ರವನ್ನೇ ಬರೆಯಬಾರದೆಂದಲ್ಲ. ಬರೆಯಲೇಬೇಕಾದ ಪತ್ರವೊಂದಿದೆ, ಅದನ್ನು ಬರೆಯದೆ ಕೆಲಸ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. 2019ರಲ್ಲಿ ನಾನಿದ್ದ ಸಮಿತಿಯೊಂದರ ಮುಂದೆ ಸಸ್ಯಶಾಸ್ತ್ರದ ಅಭ್ಯರ್ಥಿಯೊಬ್ಬರು ಬಂದಿದ್ದರು. 2011ರಲ್ಲಿ ಪಿಎಚ್.ಡಿ.ಗೆ ನೋಂದಣಿ, 2016ರಲ್ಲಿ ಪದವಿ, ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಎನ್‌ಇಟಿ ಇರಲಿಲ್ಲ. ಅವರ ಪಿಎಚ್.ಡಿ. ಯುಜಿಸಿಯ 2009ರ ನಿಯಮಾವಳಿಗೆ ಅನುಗುಣವಾಗಿ ನೀಡಿದ್ದೆಂದು ಪದವಿ ಕೊಟ್ಟ ವಿಶ್ವವಿದ್ಯಾಲಯ ದೃಢೀಕರಿಸಿದರೆ ಮಾತ್ರ ಆ ಅಧಿಸೂಚನೆಯಂತೆ ಎನ್‌ಇಟಿಯಿಂದ ವಿನಾಯಿತಿ ಸಿಗುತ್ತಿತ್ತು. ಬೆಳಿಗ್ಗೆ ದಾಖಲೆ ಪರಿಶೀಲನೆಯಲ್ಲಿ ಆ ದೃಢೀಕರಣ ಪತ್ರ ಇಲ್ಲವೆಂದು ಕಂಡುಬಂತು. ಏಳು ದಿನದೊಳಗೆ ಸಲ್ಲಿಸುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡು ಅವರನ್ನು ಸಂದರ್ಶನಕ್ಕೆ ಬಿಟ್ಟರು.

ಅವರು ಮರುದಿನ ತಮ್ಮ ವಿಶ್ವವಿದ್ಯಾಲಯಕ್ಕೆ ಹೋಗಿ, ಸಂಬಂಧಪಟ್ಟ ಮೇಜಿನ ಮುಂದೆ ಮೂರು ದಿನ ಕಾದು, ಕುಲಸಚಿವರ ಸಹಿ ಇರುವ ಪತ್ರ ಪಡೆದರು. ಐದನೆಯ ದಿನ ಅವರು ಬರೆದ ಪತ್ರವನ್ನು ಆಮೇಲೆ ಕಡತದಲ್ಲಿ ನೋಡಿದೆ. ಅದು ಹೆಚ್ಚುಕಡಿಮೆ ಹೀಗಿತ್ತು:

"ಮಾನ್ಯರೇ, ವಿಷಯ: ಸಹಾಯಕ ಪ್ರಾಧ್ಯಾಪಕ (ಸಸ್ಯಶಾಸ್ತ್ರ) ಹುದ್ದೆಯ ಸಂದರ್ಶನಕ್ಕೆ ಸಂಬಂಧಿಸಿದಂತೆ ಬಾಕಿ ದಾಖಲೆ ಸಲ್ಲಿಸುವ ಕುರಿತು. ಉಲ್ಲೇಖ: 1. ತಮ್ಮ ಅಧಿಸೂಚನೆ, 2. ದಾಖಲೆ ಪರಿಶೀಲನೆಯಂದು ನಾನು ನೀಡಿದ ಮುಚ್ಚಳಿಕೆ. ಮೇಲ್ಕಂಡ ಮುಚ್ಚಳಿಕೆಯಂತೆ, ನನ್ನ ಪಿಎಚ್.ಡಿ. ಪದವಿಯ ಕುರಿತ ದೃಢೀಕರಣ ಪತ್ರವನ್ನು ನಿಗದಿತ ಅವಧಿಯೊಳಗೆ ಇದರೊಂದಿಗೆ ಸಲ್ಲಿಸಿದ್ದೇನೆ. ಇದನ್ನು ನನ್ನ ಅರ್ಜಿಯೊಂದಿಗೆ ಸೇರಿಸಿಕೊಂಡು ಸ್ವೀಕೃತಿ ನೀಡಬೇಕೆಂದು ಕೋರುತ್ತೇನೆ."

ಅರ್ಜಿ ಸಂಖ್ಯೆ, ದಿನಾಂಕಗಳು, ಕೊನೆಗೆ ಲಗತ್ತಿನ ವಿವರ ಎಲ್ಲವೂ ಇದ್ದವು. ಪತ್ರ ಕುಲಸಚಿವರ ಹೆಸರಿಗಿತ್ತು. ಸಮಿತಿಯ ಯಾರ ಹೆಸರೂ ಅದರಲ್ಲಿ ಇರಲಿಲ್ಲ, ಸಂದರ್ಶನ ಹೇಗಾಯಿತೆಂಬ ಒಂದು ಮಾತೂ ಇರಲಿಲ್ಲ. ಅವರು ಎರಡು ಪ್ರತಿ ಒಯ್ದು, ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು, ಆವಕ ಸಂಖ್ಯೆ, ದಿನಾಂಕ ಹಾಕಿಸಿಕೊಂಡಿದ್ದರು. ಈ ಮೊಹರು ಎಷ್ಟು ಮುಖ್ಯವೆಂದರೆ, ಮುಂದೆ ಲಕೋಟೆ ತೆರೆದಾಗ ಅವರ ದೃಢೀಕರಣ ಪತ್ರ ಕಡತದಲ್ಲಿ ಸಿಗಲಿಲ್ಲ. ಯಾವುದೋ ಮೇಜಿನಲ್ಲಿ ಉಳಿದಿತ್ತು. ಅವರು ಮೊಹರು ಬಿದ್ದ ಪ್ರತಿಯನ್ನು ತೋರಿಸಿದ ಮೇಲೆ ಆವಕ ಸಂಖ್ಯೆ ಹಿಡಿದು ಹುಡುಕಿದರು, ಸಿಕ್ಕಿತು, ನೇಮಕಾತಿ ಆದೇಶ ಹೊರಟಿತು. ಅಂದು ಅವರು ಪತ್ರವನ್ನು ಗುಮಾಸ್ತರ ಕೈಗೆ ಕೊಟ್ಟು ಹಾಗೇ ಬಂದಿದ್ದರೆ, ಗಡುವಿನೊಳಗೆ ಸಲ್ಲಿಸಿದ್ದೇನೆಂದು ಸಾಬೀತುಪಡಿಸಲು ಅವರ ಬಳಿ ಏನೂ ಇರುತ್ತಿರಲಿಲ್ಲ.

ಇದೇ ಪತ್ರದೊಡನೆ ಹೊಸದಾಗಿ ಅಂಗೀಕಾರವಾದ ಪ್ರಬಂಧವನ್ನೂ ಸೇರಿಸಿ ಕಳಿಸಲೇ ಎಂದು ಕೇಳುವವರಿದ್ದಾರೆ. ಬೇಡ. ಅರ್ಹತೆ ಮತ್ತು ಪ್ರಕಟಣೆಗಳನ್ನು ಸಾಮಾನ್ಯವಾಗಿ ಅರ್ಜಿಯ ಕೊನೆಯ ದಿನಾಂಕಕ್ಕೆ ಲೆಕ್ಕ ಹಾಕುತ್ತಾರೆ. ಆ ದಿನಕ್ಕೆ ಇದ್ದು, ನೀವು ತೋರಿಸಲಾಗದೆ ಹೋದದ್ದು ಬಾಕಿ ದಾಖಲೆ; ಆ ದಿನದ ನಂತರ ಬಂದದ್ದು ಹೊಸ ಸಾಧನೆ, ಅದಕ್ಕೆ ಈ ಕಡತದಲ್ಲಿ ಜಾಗವಿಲ್ಲ.

ಇನ್ನು ಕಾಯುವ ಕಾಲ. ಫಲಿತಾಂಶಕ್ಕೆ ಸಿಂಡಿಕೇಟ್ ಸಭೆ ಸೇರಬೇಕು. ನಡುವೆ ಚುನಾವಣಾ ನೀತಿ ಸಂಹಿತೆಯೋ ಮೀಸಲಾತಿ ಕುರಿತ ನ್ಯಾಯಾಲಯದ ತಡೆಯಾಜ್ಞೆಯೋ ಬಂದರೆ ತಿಂಗಳುಗಳೇ ಹಿಡಿಯುತ್ತವೆ. ಎಂಟು ವಾರ ಕಳೆದ ಮೇಲೆ ಕುಲಸಚಿವರಿಗೆ ಒಂದು ಪತ್ರ ಬರೆದು ಪ್ರಕ್ರಿಯೆ ಯಾವ ಹಂತದಲ್ಲಿದೆ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಬೇರೆಡೆ ನೇಮಕಾತಿ ಆದೇಶ ಬಂದಿದ್ದರೆ, ಅಲ್ಲಿ ವರದಿ ಮಾಡಿಕೊಳ್ಳಬೇಕಾದ ದಿನಾಂಕವನ್ನು ನಮೂದಿಸಿ ಇನ್ನೂ ಮೊದಲೇ ಬರೆಯಬಹುದು. ಅದರಿಂದ ಸಭೆ ಬೇಗ ಸೇರುವುದಿಲ್ಲ, ಆದರೆ ನಿಮ್ಮ ತೀರ್ಮಾನಕ್ಕೆ ಬೇಕಾದ ಉತ್ತರ ಕೆಲವೊಮ್ಮೆ ಸಿಗುತ್ತದೆ.

ಫಲಿತಾಂಶ ಬಂದು ನಿಮ್ಮ ಹೆಸರು ಇಲ್ಲದಿದ್ದರೆ, ಏಕೆ ಎಂದು ತಜ್ಞರಿಗೆ ಫೋನ್ ಮಾಡಬೇಡಿ, ಅವರು ಹೇಳುವಂತಿಲ್ಲ. ಮಾಹಿತಿ ಹಕ್ಕು ಕಾಯ್ದೆಯಡಿ ಸಂಸ್ಥೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ, "ನನ್ನ ಸಂದರ್ಶನದ ಅಂಕಗಳು ಮತ್ತು ಕೊನೆಯದಾಗಿ ಆಯ್ಕೆಯಾದ ಅಭ್ಯರ್ಥಿಯ ಒಟ್ಟು ಅಂಕಗಳು" ಎಂದು ನಿರ್ದಿಷ್ಟವಾಗಿ ಕೇಳಿ. 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಯಾವ ಸದಸ್ಯರು ಎಷ್ಟು ಅಂಕ ಕೊಟ್ಟರೆಂದು ಹೆಸರು ಹಿಡಿದು ಕೇಳಿದರೆ ಆ ಭಾಗವನ್ನು ನಿರಾಕರಿಸುತ್ತಾರೆ, ಅದರ ನೆಪದಲ್ಲಿ ಉಳಿದದ್ದೂ ತಡವಾಗುತ್ತದೆ. ಆದ್ದರಿಂದ ಆ ಪ್ರಶ್ನೆಯನ್ನು ಅರ್ಜಿಯಲ್ಲಿ ಸೇರಿಸದಿರುವುದೇ ಒಳ್ಳೆಯದು.