ಕಿವಿ ನಿಮ್ಮ ಮಗನದು, ಕೆನ್ನೆ ನನ್ನದು

ಮಧುಗಿರಿ ಕಡೆಯ ರೈತರೊಬ್ಬರು ಕೋಲಾರದ ಹೋಟೆಲೊಂದಕ್ಕೆ ಹೋಗಿ, ಅಲ್ಲಿದ್ದ ಹುಡುಗನನ್ನು ದೂರದಿಂದಲೇ ನೋಡಿ ವಾಪಸ್ ಬಂದರು. "ಇವನು ನಮ್ಮವನಲ್ಲ ಸಾರ್. ನೀವು ಮಾಡ್ಕೊಟ್ಟ ಫೋಟೋದಲ್ಲಿ ಕೆನ್ನೆ ತುಂಬ್ಕೊಂಡೈತೆ, ಇವನದು ಬತ್ತಿಹೋಗೈತೆ" ಎಂದರು. ನನಗೆ ಎದೆ ಧಸಕ್ಕೆಂದಿತು. ಆ ಕೆನ್ನೆ ನಾನು ಬರೆದದ್ದು. ಅವರ ಮಗನ ಕೆನ್ನೆ ಈಗ ಹೇಗಿದೆಯೋ ನನಗೇನು ಗೊತ್ತು?

ಕಾಣೆಯಾದ ಮಕ್ಕಳ ಹಳೆಯ ಫೋಟೋಗೆ ವಯಸ್ಸು ಏರಿಸಿ ಚಿತ್ರ ಮಾಡುವುದು ನನ್ನ ಕೆಲಸ. ಮನೆಯವರು ಅದನ್ನು 'ಫೋಟೋ' ಎನ್ನುತ್ತಾರೆ. ಅದು ಫೋಟೋ ಅಲ್ಲ ಎಂದು ತುಮಕೂರಿನ ನನ್ನ ಕೋಣೆಯಲ್ಲಿ ಕೂರಿಸಿಕೊಂಡು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ತಲೆಯಾಡಿಸುತ್ತಾರೆ. ಹೊರಗೆ ಹೋದಮೇಲೆ ಅದನ್ನೇ ಹಿಡಿದು ಮುಖಕ್ಕೆ ಮುಖ ತಾಳೆ ನೋಡುತ್ತಾರೆ. ಹಾಗಾಗಿ ಆ ರೈತರ ಮಗನ ಚಿತ್ರ ಹೇಗಾಯಿತೆಂಬುದನ್ನೇ ಹೇಳುತ್ತೇನೆ.

ಜಾತ್ರೆಯಲ್ಲಿ ತಪ್ಪಿಹೋದಾಗ ಅವನಿಗೆ 6 ವರ್ಷ. ಇವತ್ತಿಗೆ 19. ಮನೆಯಲ್ಲಿದ್ದದ್ದು ಎರಡೇ ಫೋಟೋ, ಶಾಲೆಗೆ ಸೇರಿಸುವಾಗ ತೆಗೆಸಿದ್ದೊಂದು, ಮದುವೆಮನೆಯಲ್ಲಿ ಬಾಯ್ತೆರೆದು ನಗುತ್ತಿದ್ದದ್ದೊಂದು. ನಗುವಾಗ ಕೆನ್ನೆ ಮೇಲೇರಿ ಕಣ್ಣು ಕಿರಿದಾಗುತ್ತದೆ, ಆದ್ದರಿಂದ ಶಾಲೆಯ ಫೋಟೋವನ್ನೇ ಆಧಾರವಾಗಿಟ್ಟುಕೊಂಡೆ. 6 ವರ್ಷದ ಹೊತ್ತಿಗೆ ತಲೆಬುರುಡೆ ನೂರಕ್ಕೆ ಸುಮಾರು 90 ಪಾಲು ಬೆಳೆದಿರುತ್ತದೆ, ಕಣ್ಣುಗುಡ್ಡೆಯೂ ದೊಡ್ಡವರ ಗಾತ್ರಕ್ಕೆ ಹತ್ತಿರ ಬಂದಿರುತ್ತದೆ. ಮುಖದ ಕೆಳಭಾಗ ಮಾತ್ರ ಇನ್ನೂ ಬೆಳೆಯಬೇಕು. ಮೂಗಿನ ದಂಡೆ ಏಳಬೇಕು, ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರಬೇಕು, ದವಡೆ ಕೆಳಕ್ಕೂ ಮುಂದಕ್ಕೂ ಚಾಚಬೇಕು. ಚಿಕ್ಕ ಮಕ್ಕಳ ಕಣ್ಣು ದೊಡ್ಡದಾಗಿ ಕಾಣುವುದು ಸುತ್ತಲಿನ ಮುಖ ಚಿಕ್ಕದಾದ್ದರಿಂದ.

ಹಾಗಾಗಿ ಫೋಟೋಶಾಪ್‌ನಲ್ಲಿ ಕಣ್ಣು ಮತ್ತು ಹಣೆಯನ್ನು ಹೆಚ್ಚು ಮುಟ್ಟದೆ, ಕಣ್ಣಿನ ಕೆಳಗಿನ ಭಾಗವನ್ನು ಉದ್ದಕ್ಕೆ ಎಳೆಯುತ್ತೇನೆ. ಎಷ್ಟು ಎಳೆಯಬೇಕು, ದವಡೆ ಅಗಲವೋ ಕಿರಿದೋ ಎಂಬುದನ್ನು ಮಗುವಿನ ಫೋಟೋ ಹೇಳುವುದಿಲ್ಲ. ಅದಕ್ಕೇ ಅಪ್ಪ, ಅಮ್ಮ, ಅಣ್ಣತಮ್ಮಂದಿರು ಅದೇ ವಯಸ್ಸಿನಲ್ಲಿ ತೆಗೆಸಿದ ಫೋಟೋ ಕೇಳುವುದು. ಈ ಹುಡುಗನ ಅಪ್ಪನದು 19ರಲ್ಲಿ ಒಂದೂ ಇರಲಿಲ್ಲ. ಅಣ್ಣನ ಕಾಲೇಜಿನ ಗುರುತಿನ ಚೀಟಿಯಲ್ಲಿದ್ದ ಫೋಟೋದಿಂದ ದವಡೆ ಮತ್ತು ಕೆನ್ನೆ ತೆಗೆದುಕೊಂಡೆ. ಆ ಅಣ್ಣ ಮನೆಯಲ್ಲಿ ಅಮ್ಮನ ಕೈಯ ಮುದ್ದೆ ತಿಂದು ಬೆಳೆದವನು. ತಮ್ಮ ಏನು ತಿಂದು ಬೆಳೆದನೋ, ಯಾವ ಬಿಸಿಲಲ್ಲಿ ದುಡಿಯುತ್ತಿದ್ದಾನೋ, ಯಾವ ಕಾಯಿಲೆ ಬಿದ್ದು ಎದ್ದನೋ ಯಾರಿಗೂ ತಿಳಿಯದು. ಮೈತೂಕ, ಬಣ್ಣ, ಕೂದಲು, ಗಡ್ಡ, ಹಲ್ಲಿನ ಸಾಲು ಇವೆಲ್ಲ ಊಹೆ. ಮಗುವಿನ ಫೋಟೋದಿಂದ ನೇರವಾಗಿ ಬಂದದ್ದು ಎಡಹುಬ್ಬಿನ ಮೇಲಿನ ಗಾಯದ ಗುರುತು, ಕಿವಿಯ ಮಡಿಕೆ, ಕಣ್ಣುಗಳ ಆಕಾರ, ಇಷ್ಟೇ. ಕಿವಿ ದೊಡ್ಡದಾದರೂ ಅದರ ಸುರುಳಿಯ ಮಾದರಿ ಅಷ್ಟಾಗಿ ಬದಲಾಗುವುದಿಲ್ಲ.

ಚಿತ್ರ ಮುಗಿಯುವ ಹೊತ್ತಿಗೆ ತಾಯಿ ಪಕ್ಕದಲ್ಲಿ ನಿಂತು, "ಸ್ವಲ್ಪ ನಗ್ತಿರೋ ಹಂಗೆ ಮಾಡಣ್ಣ, ಇನ್ನೊಂಚೂರು ಬೆಳ್ಳಗೆ" ಎಂದರು. ಮನಸ್ಸು ಕರಗಿತು, ಆದರೂ ಒಪ್ಪಲಿಲ್ಲ. ಅವರು ಕೇಳುತ್ತಿದ್ದದ್ದು ದಿನಾ ಕನಸಿನಲ್ಲಿ ಬರುವ ಮುಖ. ನಾನು ಅದನ್ನು ಬರೆದುಕೊಟ್ಟರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹುಡುಗ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಷ್ಟು ಎಚ್ಚರವಹಿಸಿದರೂ ಎಷ್ಟು ನಂಬಬಹುದು? ಒಂದೇ ಫೋಟೋವನ್ನು ಬೇರೆ ಬೇರೆ ಕಲಾವಿದರಿಗೆ ಕೊಟ್ಟರೆ ಬೇರೆ ಬೇರೆ ಮುಖಗಳು ಬರುತ್ತವೆ. ಅಮೆರಿಕದ ಅರ್ಕನ್ಸಾ ವಿಶ್ವವಿದ್ಯಾಲಯದ ಜೇಮ್ಸ್ ಲ್ಯಾಂಪಿನೆನ್ ಮತ್ತು ಜೊತೆಗಾರರ ಪ್ರಯೋಗಗಳಲ್ಲಿ, ವಯಸ್ಸೇರಿಸಿದ ಚಿತ್ರ ನೋಡಿದವರು ಹಳೆಯ ಫೋಟೋ ನೋಡಿದವರಿಗಿಂತ ಚೆನ್ನಾಗಿ ಗುರುತಿಸಲಿಲ್ಲ. ಚಿತ್ರ ವ್ಯರ್ಥ ಎಂದು ನಾನು ಹೇಳುವುದಿಲ್ಲ. 13 ವರ್ಷದ ಹಿಂದಿನ ಪ್ರಕರಣದತ್ತ ಜನ ಮತ್ತೆ ನೋಡುವಂತೆ ಮಾಡುವುದು, ಹುಡುಕಬೇಕಾದದ್ದು ಮಗುವನ್ನಲ್ಲ, ಮೀಸೆ ಬಂದ ಹುಡುಗನನ್ನು ಎಂದು ನೆನಪಿಸುವುದು ಅದರ ಕೆಲಸ. ಯಾರಿಗಾದರೂ ಅನುಮಾನ ಬಂದು ಪೊಲೀಸರಿಗೋ ಮಕ್ಕಳ ಸಹಾಯವಾಣಿ 1098ಕ್ಕೋ ಒಂದು ಕರೆ ಹೋದರೆ ಸಾಕು. ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಶಕ್ತಿ ಅದಕ್ಕಿಲ್ಲ. ಅದರಲ್ಲೂ 'ಅಲ್ಲ' ಎನ್ನಲು ಅದನ್ನು ಬಳಸಲೇಬಾರದು.

"ಹುಬ್ಬಿನ ಮೇಲೆ ನೋಡಿದ್ರಾ? ಕಿವಿ ನೋಡಿದ್ರಾ?" ಎಂದು ಆ ರೈತರನ್ನು ಕೇಳಿದೆ. ನೋಡಿರಲಿಲ್ಲ. ಪೊಲೀಸರ ಮೂಲಕ ಮತ್ತೆ ಹೋದರು. ಹುಬ್ಬಿನ ಮೇಲೆ ಒಂದು ಗುರುತಿತ್ತು, ಕಿವಿಯೂ ಹತ್ತಿರವಿತ್ತು. ತಂದೆತಾಯಿಯ ರಕ್ತದ ಮಾದರಿ, ಹುಡುಗನ ಮಾದರಿ ಡಿಎನ್ಎ ಪರೀಕ್ಷೆಗೆ ಹೋದವು. ತಾಳೆಯಾಗಲಿಲ್ಲ. ಅವರ ಮಗನಲ್ಲ ಎಂದು ಹೇಳುವ ಅಧಿಕಾರ ಆ ವರದಿಗಿತ್ತು, ನನ್ನ ಕೆನ್ನೆಗಿರಲಿಲ್ಲ.

ಆಮೇಲೆ ಪೋಸ್ಟರ್ ಬದಲಾಯಿಸಿದೆ. 6 ವರ್ಷದ ಶಾಲೆಯ ಫೋಟೋ ಎಲ್ಲಕ್ಕಿಂತ ದೊಡ್ಡದಾಗಿ ಎಡಕ್ಕೆ. ಪಕ್ಕದಲ್ಲಿ ಎರಡು ಚಿತ್ರ, ಒಂದರಲ್ಲಿ ಕೆನ್ನೆ ತುಂಬಿದೆ, ಇನ್ನೊಂದರಲ್ಲಿ ಬತ್ತಿದೆ. ಕೆಳಗೆ ದಪ್ಪಕ್ಷರದಲ್ಲಿ, "ಇವು ಊಹೆಯ ಚಿತ್ರಗಳು. ಎಡಹುಬ್ಬಿನ ಮೇಲೆ ಗಾಯದ ಗುರುತಿದೆ."