ನೇತಾಡುವ ತೂಕ ಎರಡು ಕಿಲೋ, ದಾರದ ಬಿಗಿತ ಎಷ್ಟು?

ಮೇಜಿನ ಮೇಲೆ ಒಂದು ಮರದ ತುಂಡು. ಅದಕ್ಕೊಂದು ದಾರ ಕಟ್ಟಿ, ಮೇಜಿನ ಅಂಚಿನಲ್ಲಿರುವ ರಾಟೆಯ ಮೇಲೆ ಹಾಯಿಸಿ, ಇನ್ನೊಂದು ತುದಿಗೆ ತೂಕದ ಬಟ್ಟನ್ನು ನೇತುಹಾಕಲಾಗಿದೆ. ಕೈ ಬಿಟ್ಟರೆ ಬಟ್ಟು ಕೆಳಗಿಳಿಯುತ್ತದೆ, ತುಂಡು ಅಂಚಿನ ಕಡೆ ಜಾರುತ್ತದೆ. ಪ್ರಶ್ನೆ ಎರಡೇ: ಎಷ್ಟು ವೇಗೋತ್ಕರ್ಷದಲ್ಲಿ ಜಾರುತ್ತದೆ, ದಾರ ಎಷ್ಟು ಬಿಗಿಯಾಗಿರುತ್ತದೆ? ಸುಮಾರು 500 ವರ್ಷಗಳ ಹಿಂದೆ ಲಿಯೊನಾರ್ಡೊ ಡಾ ವಿಂಚಿ ಘರ್ಷಣೆಯನ್ನು ಅರಿಯಲು ತನ್ನ ಟಿಪ್ಪಣಿ ಪುಸ್ತಕದಲ್ಲಿ ಬಿಡಿಸಿದ ಚಿತ್ರಗಳಲ್ಲೂ ಇದೇ ಜೋಡಣೆ ಇದೆ. ಇವತ್ತಿಗೂ ಫಿಸಿಕ್ಸ್ ಓದುವವರೆಲ್ಲ ಇದನ್ನು ಒಮ್ಮೆಯಾದರೂ ಬಿಡಿಸಿರುತ್ತಾರೆ. ಬಹಳಷ್ಟು ಜನ ಒಂದೇ ಜಾಗದಲ್ಲಿ ಎಡವುತ್ತಾರೆ, ನಾನೂ ಎಡವಿದ್ದೇನೆ. ಎರಡು ಕಿಲೋ ನೇತಾಡುತ್ತಿದೆ, ಹಾಗಾದರೆ ದಾರ ಎಳೆಯುವುದೂ ಎರಡು ಕಿಲೋ ತೂಕದಷ್ಟೇ ಅಲ್ವಾ ಎಂದುಕೊಳ್ಳುವುದು.

ಅಲ್ಲ. ಯಾಕೆ ಅಲ್ಲ ಅನ್ನುವುದನ್ನು ನಿಧಾನವಾಗಿ ನೋಡೋಣ.

ಲೆಕ್ಕ ಸುಲಭವಾಗಲಿ ಅಂತ g ಅನ್ನು 9.8ರ ಬದಲು 10 ಅಂತ ಇಟ್ಟುಕೊಳ್ಳುತ್ತೇನೆ. ಮೇಜಿನ ಮೇಲಿನ ತುಂಡು 3 ಕಿಲೋ, ನೇತಾಡುವ ಬಟ್ಟು 2 ಕಿಲೋ. ಬಟ್ಟನ್ನು ಭೂಮಿ 20 ನ್ಯೂಟನ್ ಬಲದಿಂದ ಕೆಳಗೆ ಎಳೆಯುತ್ತಿದೆ. ಮೇಜಿನ ಮೇಲೆ ತುಂಡು ಒತ್ತುವುದು 30 ನ್ಯೂಟನ್ ಬಲದಿಂದ. ಮೇಜು ಒರಟಾಗಿದೆ, ಜಾರುವಾಗಿನ ಘರ್ಷಣಾಂಕ 0.3 ಇರಲಿ. ಅಂದರೆ ತುಂಡು ಜಾರುತ್ತಿರುವಾಗ ಮೇಜು ಅದನ್ನು 9 ನ್ಯೂಟನ್‌ನಷ್ಟು ಹಿಂದಕ್ಕೆ ಹಿಡಿಯುತ್ತದೆ.

ಈಗ ಬಟ್ಟನ್ನು ಮಾತ್ರ ನೋಡಿ. ಅದರ ಮೇಲೆ ಇರುವುದು ಎರಡೇ ಬಲ: ಕೆಳಗೆ 20 ನ್ಯೂಟನ್, ಮೇಲಕ್ಕೆ ದಾರದ ಬಿಗಿತ. ಈ ಬಿಗಿತವೂ 20 ಆಗಿಬಿಟ್ಟರೆ ಎರಡೂ ಸರಿಸಮ. ಆಗ ಬಟ್ಟಿಗೆ ಕೆಳಗಿಳಿಯಲು ಕಾರಣವೇ ಇಲ್ಲ, ಇದ್ದಲ್ಲೇ ಇರಬೇಕು. ಆದರೆ ಅದು ಇಳಿಯುತ್ತಿದೆ, ಅದೂ ಕ್ಷಣಕ್ಷಣಕ್ಕೂ ಜೋರಾಗುತ್ತಾ. ಹಾಗಾದರೆ ದಾರ 20ಕ್ಕಿಂತ ಕಡಿಮೆ ಬಲದಿಂದ ಎಳೆಯುತ್ತಿದೆ ಅಂತಲೇ ಅರ್ಥ. ಇಷ್ಟು ಹೊಳೆದರೆ ಅರ್ಧ ಕೆಲಸ ಮುಗಿಯಿತು.

ದಾರ ಹಿಗ್ಗುವುದಿಲ್ಲ, ಹಾಗಾಗಿ ಬಟ್ಟು ಒಂದು ಅಂಗುಲ ಇಳಿದರೆ ತುಂಡೂ ಒಂದು ಅಂಗುಲ ಸರಿಯಲೇಬೇಕು, ಇಬ್ಬರದ್ದೂ ಒಂದೇ ವೇಗೋತ್ಕರ್ಷ. ಇಡೀ ಜೋಡಿಯನ್ನು ಮುಂದಕ್ಕೆ ಎಳೆಯುವುದು 20, ಹಿಂದಕ್ಕೆ ಹಿಡಿಯುವುದು 9, ಉಳಿಯುವುದು 11 ನ್ಯೂಟನ್. ಈ 11 ನ್ಯೂಟನ್ ಹೊರಬೇಕಾದದ್ದು ಬಟ್ಟು ಒಂದನ್ನೇ ಅಲ್ಲ, ಒಟ್ಟು 5 ಕಿಲೋವನ್ನು. 11 ಭಾಗಿಸು 5, ಸೆಕೆಂಡಿಗೆ ಸೆಕೆಂಡಿಗೆ 2.2 ಮೀಟರ್. ತುಂಡನ್ನು M, ಬಟ್ಟನ್ನು m, ಜಾರುವಾಗಿನ ಘರ್ಷಣಾಂಕವನ್ನು μ, ವೇಗೋತ್ಕರ್ಷವನ್ನು a ಅಂತ ಅಕ್ಷರಗಳಲ್ಲಿ ಬರೆದರೆ a = (m − μM)g / (M + m).

ಬಿಗಿತಕ್ಕೆ ಈಗ ಒಂದು ಹೆಜ್ಜೆ ಸಾಕು. 2 ಕಿಲೋ ಬಟ್ಟು 2.2ರ ವೇಗೋತ್ಕರ್ಷದಲ್ಲಿ ಇಳಿಯಲು 4.4 ನ್ಯೂಟನ್ ಬೇಕು. ಅದು ಬಟ್ಟಿನ ತೂಕದಿಂದಲೇ ಬರಬೇಕು, 20ರಲ್ಲಿ 4.4 ಹೋದರೆ ದಾರಕ್ಕೆ ಸಿಗುವುದು 15.6 ನ್ಯೂಟನ್. ಇಲ್ಲಿಗೆ ನಿಲ್ಲಿಸಬೇಡಿ, ತುಂಡಿನ ಕಡೆಯಿಂದಲೂ ಒಮ್ಮೆ ಲೆಕ್ಕ ಹಾಕಿ. ಘರ್ಷಣೆಯನ್ನು ಮೀರಲು 9, 3 ಕಿಲೋಗೆ 2.2ರ ವೇಗೋತ್ಕರ್ಷ ಕೊಡಲು 6.6, ಒಟ್ಟು 15.6. ಎರಡು ಕಡೆಯಿಂದಲೂ ಒಂದೇ ಉತ್ತರ ಬಂದರೆ ಲೆಕ್ಕ ಸರಿ. ಬರದಿದ್ದರೆ ಎಲ್ಲೋ ಒಂದು ಬಲ ಬಿಟ್ಟುಹೋಗಿದೆ, ಇಲ್ಲಾ ಚಿಹ್ನೆ ತಪ್ಪಾಗಿದೆ. ಅರ್ಧ ನಿಮಿಷದ ಈ ಪರೀಕ್ಷೆಯನ್ನು ನಾನು ಎಂದೂ ಬಿಡುವುದಿಲ್ಲ.

ನನಗೆ ತುಂಬಾ ಇಷ್ಟವಾದ ಒಂದು ವಿಷಯ ಇಲ್ಲೇ ಅಡಗಿದೆ. ಬಟ್ಟಿನ ತೂಕ ಜಾಸ್ತಿ ಮಾಡುತ್ತಾ ಹೋಗಿ. 2 ಕಿಲೋ ಬದಲು 100 ಕಿಲೋ ನೇತುಹಾಕಿ. ಕೈಯಲ್ಲಿ ತುಂಡನ್ನು ಗಟ್ಟಿಯಾಗಿ ಹಿಡಿದಿರುವಷ್ಟು ಹೊತ್ತು ದಾರದಲ್ಲಿ 1000 ನ್ಯೂಟನ್ ಬಿಗಿತ. ಕೈ ಬಿಟ್ಟ ಕ್ಷಣ? ಲೆಕ್ಕ ಹಾಕಿದರೆ ಸುಮಾರು 38 ನ್ಯೂಟನ್! ಬಟ್ಟು ಎಷ್ಟೇ ಭಾರವಿರಲಿ, ತನ್ನಷ್ಟಕ್ಕೆ ಬೀಳುವುದಕ್ಕಿಂತ ಜೋರಾಗಿ ಅದು ಬೀಳಲಾರದು, ಹಾಗಾಗಿ ತುಂಡಿನ ವೇಗೋತ್ಕರ್ಷವೂ 10 ದಾಟುವುದಿಲ್ಲ. 3 ಕಿಲೋಗೆ 10ರ ವೇಗೋತ್ಕರ್ಷ ಕೊಡಲು 30, ಘರ್ಷಣೆಗೆ 9. ಒಟ್ಟು 39. ಬೆಟ್ಟವನ್ನೇ ನೇತುಹಾಕಿದರೂ, ತುಂಡು ಜಾರುತ್ತಿರುವಾಗ ಆ ದಾರ 39 ನ್ಯೂಟನ್ ಮುಟ್ಟುವುದಿಲ್ಲ. ಮುಂದೆ ಏನನ್ನು ಎಳೆದುಕೊಂಡು ಹೋಗಬೇಕೋ, ಅದು ಎಷ್ಟು ತಡೆಯುತ್ತದೋ ಅಷ್ಟೇ ದಾರ ಬಿಗಿಯುತ್ತದೆ.

ಇಷ್ಟರಲ್ಲಿ ನಾನು ಒಂದನ್ನು ಸುಮ್ನೆ ಒಪ್ಪಿಕೊಂಡುಬಿಟ್ಟೆ: ತುಂಡು ಜಾರುತ್ತದೆ ಅಂತ. ಜಾರದಿದ್ದರೆ?

ನಿಂತಿರುವ ವಸ್ತುವನ್ನು ಮೇಜು ಹಿಡಿಯುವ ರೀತಿಯೇ ಬೇರೆ. ಎಷ್ಟು ಎಳೆದರೆ ಅಷ್ಟೇ ಬಲದಿಂದ ಅದು ವಾಪಸ್ ಎಳೆಯುತ್ತದೆ, ಆದರೆ ಒಂದು ಮಿತಿಯ ತನಕ ಮಾತ್ರ. ನಮ್ಮ ಮೇಜಿಗೆ ಈ ನಿಂತ ಘರ್ಷಣೆಯ ಗುಣಾಂಕ 0.4 ಅಂದುಕೊಳ್ಳಿ. ಹಾಗಾದರೆ ಮಿತಿ 12 ನ್ಯೂಟನ್. ಎರಡು ಕಿಲೋ ಬಟ್ಟಿನ 20 ನ್ಯೂಟನ್ ಆ ಮಿತಿಯನ್ನು ಸಲೀಸಾಗಿ ದಾಟುತ್ತದೆ, ಹಾಗಾಗಿ ಮೇಲಿನ ಲೆಕ್ಕಕ್ಕೆ ತೊಂದರೆ ಇಲ್ಲ. ಈಗ ಬಟ್ಟನ್ನು 1 ಕಿಲೋಗೆ ಇಳಿಸಿ. ಎಳೆಯುವುದು 10, ಮಿತಿ 12. ತುಂಡು ಅಲ್ಲಾಡುವುದಿಲ್ಲ. ವೇಗೋತ್ಕರ್ಷ ಸೊನ್ನೆ, ಬಿಗಿತ 10 ನ್ಯೂಟನ್, ಘರ್ಷಣೆಯೂ 10 ನ್ಯೂಟನ್. ಇಲ್ಲಿ ಘರ್ಷಣೆ 12 ಅಂತ ಬರೆಯುವವರು ತುಂಬಾ ಜನ. ಹಾಗೆ ಬರೆದರೆ ತುಂಡು ಹಿಂದಕ್ಕೆ ತಾನಾಗಿ ಹೋಗಬೇಕಾಗುತ್ತದೆ. ಮೇಜು ಅಂಥದ್ದೇನೂ ಮಾಡುವುದಿಲ್ಲವಲ್ಲ.

ಇದಕ್ಕಿಂತ ಹೆಚ್ಚು ಮೋಸ ಮಾಡುವುದು ಸೂತ್ರ. ಯೋಚಿಸದೆ 1 ಕಿಲೋವನ್ನು ಆ ಸೂತ್ರಕ್ಕೆ ಹಾಕಿದರೆ (10 − 9) ಭಾಗಿಸು 4, ಅಂದರೆ 0.25 ಅಂತ ಉತ್ತರ ಬರುತ್ತದೆ. ಋಣ ಸಂಖ್ಯೆ ಬಂದಿದ್ದರೆ ಏನೋ ತಪ್ಪಿದೆ ಅಂತ ಗೊತ್ತಾಗುತ್ತಿತ್ತು. ಇದು ಧನ ಸಂಖ್ಯೆ, ನೋಡಲು ಚೆನ್ನಾಗೇ ಇದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ತುಂಡು ನಿಂತಲ್ಲೇ ನಿಂತಿದೆ.

ಸೂತ್ರ ಸುಳ್ಳು ಹೇಳುತ್ತಿದೆಯಾ? ಇಲ್ಲ, ಅದು ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದೆ. ತುಂಡನ್ನು ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ತಟ್ಟಿ. ಒಮ್ಮೆ ಜಾರಲು ಶುರುವಾದರೆ ಹಿಡಿತ 9ಕ್ಕೆ ಇಳಿಯುತ್ತದೆ, ಎಳೆತ ಅದಕ್ಕಿಂತ ಜಾಸ್ತಿ ಇದೆ, ಹಾಗಾಗಿ ತುಂಡು ನಿಲ್ಲುವುದಿಲ್ಲ, 0.25ರ ವೇಗೋತ್ಕರ್ಷದಲ್ಲಿ ನಿಧಾನಕ್ಕೆ ವೇಗ ಹೆಚ್ಚಿಸಿಕೊಳ್ಳುತ್ತಾ ಹೋಗುತ್ತದೆ. ಅದೇ ಮೇಜು, ಅದೇ ದಾರ, ಅದೇ ಬಟ್ಟು. ತಟ್ಟದಿದ್ದರೆ ಗಂಟೆಗಟ್ಟಲೆ ನಿಂತಿರುತ್ತದೆ, ತಟ್ಟಿದರೆ ಓಡುತ್ತದೆ. ನಮ್ಮ 3 ಕಿಲೋ ತುಂಡಿಗೆ ಈ ಇಬ್ಬಗೆಯ ಜಾಗ 0.9 ಕಿಲೋದಿಂದ 1.2 ಕಿಲೋ ತನಕ, ಅಂದರೆ ತುಂಡಿನ ತೂಕವನ್ನು ಆ ಎರಡು ಘರ್ಷಣಾಂಕಗಳಿಂದ ಗುಣಿಸಿದಾಗ ಬರುವ ಎರಡು ಸಂಖ್ಯೆಗಳ ನಡುವೆ. 0.9ಕ್ಕಿಂತ ಕಡಿಮೆಯಾದರೆ ತಟ್ಟಿದರೂ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. 1.2 ದಾಟಿದರೆ ತಟ್ಟುವ ಅಗತ್ಯವೇ ಇಲ್ಲ. ಇಂಥ ಪ್ರಶ್ನೆ ಕಂಡಾಗ ಸೂತ್ರ ಬರೆಯುವ ಮೊದಲು ತುಂಡು ನಿಂತಿದೆಯೋ ಆಗಲೇ ಜಾರುತ್ತಿದೆಯೋ ಅಂತ ಕೇಳಿಕೊಳ್ಳಬೇಕು. ಉತ್ತರ ಅದರ ಮೇಲೆ ನಿಂತಿದೆ.

ಇದನ್ನು ಕಣ್ಣಾರೆ ನೋಡಬಹುದು. ಬಟ್ಟಿನ ಬದಲು ಒಂದು ಚಿಕ್ಕ ಡಬ್ಬಿ ಕಟ್ಟಿ, ಅದಕ್ಕೆ ಚಮಚದಲ್ಲಿ ಮರಳು ಹಾಕುತ್ತಾ ಹೋಗಿ. ದಾರದ ನಡುವೆ, ಮೇಜಿನ ಮೇಲಿನ ಭಾಗದಲ್ಲಿ, ಒಂದು ಸ್ಪ್ರಿಂಗ್ ತಕ್ಕಡಿ ಸೇರಿಸಿದರೆ ಇನ್ನೂ ಒಳ್ಳೆಯದು, ಹಗುರವಾದದ್ದು ಇರಲಿ. ಮರಳು ಹೆಚ್ಚಿದಂತೆ ಮುಳ್ಳು ಏರುತ್ತದೆ, ತುಂಡು ಮಾತ್ರ ಕದಲುವುದಿಲ್ಲ. 11, 11.5, 12. ಇನ್ನೊಂದು ಚಿಟಿಕೆ ಮರಳು ಬಿತ್ತು ಅನ್ನುವಷ್ಟರಲ್ಲಿ ತುಂಡು ಥಟ್ಟನೆ ಹೊರಡುತ್ತದೆ, ಮುಳ್ಳು ಕೆಳಗೆ ಬೀಳುತ್ತದೆ. ವೇಗೋತ್ಕರ್ಷ ಸೊನ್ನೆಯಿಂದ ಮೆಲ್ಲಗೆ ಏರುವುದಿಲ್ಲ, ನೇರ 0.7ಕ್ಕೆ ಹಾರುತ್ತದೆ. ಬಿಗಿತ 12ರಿಂದ ಸುಮಾರು 11.1ಕ್ಕೆ ಕುಸಿಯುತ್ತದೆ. ತೂಕ ಹೆಚ್ಚಿಸಿದ್ದಕ್ಕೆ ದಾರ ಸಡಿಲವಾಯಿತು! ಮುಳ್ಳು ಒಂದಿಷ್ಟು ಹೊತ್ತು ಅದುರುತ್ತದೆ, ಹಾಗಾಗಿ ನಿಖರ ಸಂಖ್ಯೆ ಓದುವುದು ಕಷ್ಟ, ಆದರೆ ಇಳಿದದ್ದು ಕಾಣುತ್ತದೆ. ಹೊರಟಾಗ ಡಬ್ಬಿಯ ತೂಕ ಎಷ್ಟಿತ್ತೋ ಅದನ್ನು ತುಂಡಿನ ತೂಕದಿಂದ ಭಾಗಿಸಿದರೆ ನಿಂತ ಘರ್ಷಣೆಯ ಗುಣಾಂಕ ಕೈಗೆ ಸಿಕ್ಕಿತು. ನಾಲ್ಕೈದು ಸಲ ಮಾಡಿ, ಪ್ರತಿ ಸಲವೂ ಸ್ವಲ್ಪ ಬೇರೆ ಬರುತ್ತದೆ. ಮೇಜಿನ ಧೂಳು, ಕೈಯ ಜಿಡ್ಡು, ಮರದ ಎಳೆ, ಎಲ್ಲವೂ ಇದರಲ್ಲಿ ಪಾಲು ಕೇಳುತ್ತವೆ. ಘರ್ಷಣಾಂಕ ಅನ್ನುವುದು g ಥರ ಪಕ್ಕಾ ಸಂಖ್ಯೆ ಅಲ್ಲ.

ರಾಟೆಯನ್ನು ನಾನು ಇಷ್ಟು ಹೊತ್ತು ಲೆಕ್ಕಕ್ಕೇ ಹಿಡಿಯಲಿಲ್ಲ. ಅದಕ್ಕೂ ತೂಕ ಇದೆ, ಅದನ್ನು ತಿರುಗಿಸಲೂ ಬಲ ಬೇಕು, ಹಾಗಾಗಿ ನಿಜದಲ್ಲಿ ರಾಟೆಯ ಎರಡು ಬದಿಯಲ್ಲಿ ಬಿಗಿತ ಒಂದೇ ಇರುವುದಿಲ್ಲ. ತಟ್ಟೆಯಂಥ ಗಟ್ಟಿ ರಾಟೆ 200 ಗ್ರಾಂ ಇದ್ದರೆ ಅದರ ಅರ್ಧ, ಅಂದರೆ 100 ಗ್ರಾಂ, ಜೋಡಿಗೆ ಸೇರಿದಂತೆ ಆಗುತ್ತದೆ: 2.2 ಇದ್ದದ್ದು 2.16 ಆಗುತ್ತದೆ. ನಮ್ಮ ಕೆಲಸಕ್ಕೆ ಇದನ್ನು ಬಿಟ್ಟರೂ ನಡೆಯುತ್ತದೆ.

ಜಾರುವಾಗಿನ ಘರ್ಷಣಾಂಕ ಅಳೆಯಲು ಸ್ಟಾಪ್‌ವಾಚ್ ಬೇಕು ಅನ್ನಿಸಬಹುದು. ಒಂದು ಮೀಟರ್ ಜಾರಲು ಒಂದು ಸೆಕೆಂಡೂ ಹಿಡಿಯುವುದಿಲ್ಲ, ಬೆರಳು ಒತ್ತುವುದರಲ್ಲೇ ತಪ್ಪಾಗಿಹೋಗುತ್ತದೆ. ಅಳತೆಪಟ್ಟಿಯಲ್ಲೇ ಕೆಲಸ ಆಗುತ್ತದೆ. 2 ಕಿಲೋ ಬಟ್ಟು ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿರಲಿ, ತುಂಡಿನಿಂದ ಅಂಚಿಗೆ ಒಂದು ಮೀಟರಿಗಿಂತ ಜಾಸ್ತಿ ಜಾಗ ಇರಲಿ. ಕೈ ಬಿಡಿ. ಬಟ್ಟು ನೆಲಕ್ಕೆ ಬಡಿದ ಕ್ಷಣ ದಾರ ಸಡಿಲವಾಗುತ್ತದೆ, ಬಿಗಿತ ಸೊನ್ನೆ. ಅಲ್ಲಿಂದ ತುಂಡನ್ನು ಎಳೆಯುವವರು ಯಾರೂ ಇಲ್ಲ, ಘರ್ಷಣೆಯೊಂದೇ ಹಿಡಿದು ನಿಲ್ಲಿಸುತ್ತದೆ. ಘರ್ಷಣಾಂಕ 0.3 ಆಗಿದ್ದರೆ ತುಂಡು ಇನ್ನೂ ಸುಮಾರು 37 ಸೆಂಟಿಮೀಟರ್ ಜಾರಿ ನಿಲ್ಲಬೇಕು. ನಿಮ್ಮ ಮೇಜಿನಲ್ಲಿ ಅದು 30ಕ್ಕೇ ನಿಂತಿತು ಅನ್ನಿ. ಬಟ್ಟು ಇಳಿಯುವಾಗ ಗಳಿಸಿದ ವೇಗ ಮತ್ತು ಆಮೇಲೆ ಜಾರುವಾಗ ಕಳೆದ ವೇಗ ಒಂದೇ ಅಂತ ಬರೆದರೆ g ಎರಡೂ ಕಡೆಯಿಂದ ಹೊಡೆದುಹೋಗುತ್ತದೆ, ಉಳಿಯುವುದು 0.5 × (2 − 3μ) / 5 = 0.3μ. ಬಿಡಿಸಿದರೆ μ ಬೆಲೆ 0.33.